ಮನೆ ಖಾಲಿ ಮಾಡುವ ದಿನ ಬಾಕ್ಸ್ ಕಟ್ಟುತ್ತಾ ಹಾಡೋಕೆ ಏನಿದೆ?

ತುಂಗೆ ದಂಡೆ · ಸೋಮವಾರ, ರಾತ್ರಿ 9:10

ಬರುವ ಭಾನುವಾರ ತೀರ್ಥಹಳ್ಳಿಯ ಮನೆ ಖಾಲಿ ಮಾಡಿ ಶಿವಮೊಗ್ಗದ ಗೋಪಾಳಕ್ಕೆ ಹೋಗುತ್ತಿದ್ದೇವೆ. ಮೊದಲ ಮಹಡಿ, ಲಿಫ್ಟ್ ಇಲ್ಲ. ಸಾಮಾನು ಕಟ್ಟುವುದು ನಾವೇ ಆರು ಜನ: ಅತ್ತೆ, ಮಾವ, ನಾನು, ನಮ್ಮವರು, ನಾದಿನಿ, ಹತ್ತು ವರ್ಷದ ಮಗ. ಹೋದ ಸಲ ಮನೆ ಬದಲಿಸಿದಾಗ ಮಧ್ಯಾಹ್ನ ಎರಡು ಗಂಟೆಗೆ ಒಂದು ಇಡ್ಲಿ ಪಾತ್ರೆ ಯಾವ ಬಾಕ್ಸಿಗೆ ಹೋಗಬೇಕು ಅನ್ನುವ ವಿಷಯಕ್ಕೆ ಅತ್ತೆಗೂ ನಮ್ಮವರಿಗೂ ಮಾತು ಬೆಳೆಯಿತು. ಸಂಜೆವರೆಗೆ ಮನೆಯಲ್ಲಿ ಟೇಪಿನ ಪರಪರ ಸದ್ದು ಬಿಟ್ಟರೆ ಬೇರೆ ಮಾತಿಲ್ಲ.

ಈ ಸಲ ಹಾಡು ಇಟ್ಟುಕೊಂಡರೆ ಹೇಗೆ ಅಂತ ಯೋಚನೆ. ಮನೆಯವರೆಲ್ಲ ಸೇರಿ ಹಾಡುವಂಥದ್ದು, ಸುಸ್ತಾದವರಿಗೂ ನಗು ಬರುವಂಥದ್ದು. ಯಾರಾದರೂ ಹೀಗೆ ಮಾಡಿದ್ದೀರಾ?

ವಿನೋಬನಗರ ಬೀಟ್ · ರಾತ್ರಿ 9:32

ಸುಲಭ ಅಕ್ಕಾ. ಸ್ಪೀಕರ್ ಇಡಿ, ಕುಣಿಯುವ ಹಾಡುಗಳ ಪಟ್ಟಿ ಮಾಡಿ. ನಿಮಿಷಕ್ಕೆ 120 ಬೀಟ್‌ಗಿಂತ ಕಮ್ಮಿ ಇರುವ ಹಾಡು ಹಾಕಲೇಬೇಡಿ. ಜಿಮ್‌ನಲ್ಲಿ ಇದೇ ಸೂತ್ರ. ಹಾಡು ಓಡಿದರೆ ಕೈಯೂ ಓಡುತ್ತದೆ.

ಹೆಂಚಿನ ಮನೆ · ರಾತ್ರಿ 9:50

ತಮ್ಮಾ, ಕೈ ಓಡುತ್ತದೆ ನಿಜ. ಕೈಯಲ್ಲಿ ಗಾಜಿನ ಲೋಟ ಇದ್ದಾಗಲೂ ಓಡಬೇಕಾ? ನಮ್ಮ ಮನೆಯಲ್ಲಿ ಹೀಗೆ ಹಾಡು ಹಾಕಿಕೊಂಡು ಪೇಪರ್ ಸುತ್ತಿದೆವು. ಹೊಸ ಮನೆಯಲ್ಲಿ ಬಿಚ್ಚಿದರೆ ಆರು ಲೋಟದಲ್ಲಿ ಎರಡಕ್ಕೆ ಬಿರುಕು. ಎರಡು ಹಾಳೆ ಸುತ್ತಬೇಕಾದಲ್ಲಿ ಒಂದೇ ಹಾಳೆ ಸುತ್ತಿದ್ದೆವು, ಅಷ್ಟೇ.

ಇನ್ನೊಂದು. ನಮ್ಮ ಕಡೆ ಈಗ ಮಳೆ. ತಗಡಿನ ಶೀಟಿನ ಮೇಲೆ ಮಳೆ ಬಿದ್ದಾಗ ನಿಮ್ಮ ಸ್ಪೀಕರ್ ಯಾರಿಗೂ ಕೇಳಲ್ಲ. ಜೋರು ಮಾಡಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ ಎಲ್ಲರೂ ಕಿರುಚುತ್ತಾರೆ. ಕಿರುಚಿದ್ದು ಬೈದ ಹಾಗೆ ಕೇಳುತ್ತದೆ. ಜಗಳ ಶುರುವಾಗುವುದೇ ಅಲ್ಲಿಂದ.

ಹೊಸನಗರದ ಸೊಸೆ · ರಾತ್ರಿ 10:05

ಗೃಹಪ್ರವೇಶಕ್ಕೆ ಅಭಿನಂದನೆ! ಹಾಲುಕ್ಕಿಸುವಾಗ ಹೇಳೋಕೆ ನನ್ನ ಹತ್ತಿರ ನಾಲ್ಕು ಲಕ್ಷ್ಮೀ ಹಾಡು ಇವೆ, ಬರೆದು ಹಾಕಲಾ? ಆರತಿ ಹಾಡೂ ಇದೆ.

ತುಂಗೆ ದಂಡೆ · ರಾತ್ರಿ 10:11

ಅಕ್ಕಾ, ಗೃಹಪ್ರವೇಶ ಅಲ್ಲ, ಬಾಡಿಗೆ ಮನೆ. ನನಗೆ ಬೇಕಿರುವುದು ಈ ಮನೆ ಬಿಡುವಾಗ, ಕೈಯಲ್ಲಿ ಟೇಪ್ ಹಿಡಿದು ಹಾಡೋಕೆ. ಆದರೂ ಹಾಲು ಉಕ್ಕಿಸುತ್ತೇವೆ, ಒಂದು ಹಾಡು ಕಳಿಸಿ.

ಸೊಲ್ಲು ಮೇಷ್ಟ್ರು, ಸಾಗರ · ಮಂಗಳವಾರ, ಬೆಳಿಗ್ಗೆ 6:40

ನಾನು ಶಾಲೆಯಲ್ಲಿ ಹಾಡು ಕಲಿಸುತ್ತಿದ್ದವನು, ಈಗ ನಿವೃತ್ತ. ವರ್ಗಾವಣೆ ಅಂತ ಒಂಬತ್ತು ಸಲ ಮನೆ ಬದಲಿಸಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೇಳುವ ಹಾಡು ಬೇರೆ, ಕೆಲಸದ ಹಾಡು ಬೇರೆ. ನಮ್ಮ ಹೆಂಗಸರು ರಾಗಿ ಬೀಸುವಾಗ, ಭತ್ತ ಕುಟ್ಟುವಾಗ, ಗದ್ದೆ ನಾಟಿ ಮಾಡುವಾಗ ಹಾಡುತ್ತಿದ್ದ ಪದಗಳಲ್ಲಿ ಒಂದು ಉಪಾಯ ಇದೆ. ಒಬ್ಬಳು ಸಾಲು ಹೇಳುತ್ತಾಳೆ, ಉಳಿದವರು ಸೊಲ್ಲು ಹೇಳುತ್ತಾರೆ. ಸಾಲು ಪ್ರತಿ ಸಲ ಬದಲು, ಸೊಲ್ಲು ಮಾತ್ರ ಒಂದೇ. ಸುಸ್ತಾದವರು ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಬಾಯಿ ತನ್ನಷ್ಟಕ್ಕೆ ಸೊಲ್ಲು ಹೇಳುತ್ತದೆ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ದೀಪಾವಳಿಯಲ್ಲಿ ನಮ್ಮ ಕಡೆ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ರಾತ್ರಿಯಿಡೀ ಮನೆಮನೆ ತಿರುಗುತ್ತಾರಲ್ಲ, ಅಲ್ಲೂ ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಒಬ್ಬನೇ ಹಾಡುವುದಾದರೆ ಮೂರನೇ ಮನೆಗೇ ಗಂಟಲು ಹೋಗುತ್ತಿತ್ತು.

ಮನೆ ಖಾಲಿ ಮಾಡುವ ದಿನ ಇದು ಯಾಕೆ ಬೇಕು? ಆ ದಿನದ ಮಾತೆಲ್ಲ ಅಪ್ಪಣೆ. ಇದು ಎತ್ತು, ಅದು ಇಡು, ಅಲ್ಲಲ್ಲ ಇಲ್ಲಿ, ಯಾರು ಇದನ್ನ ಹೀಗೆ ಕಟ್ಟಿದ್ದು. ಬೆಳಿಗ್ಗೆ ಹತ್ತಕ್ಕೆ ಮಾಮೂಲಿ ಅನ್ನಿಸಿದ ಮಾತೇ ಮಧ್ಯಾಹ್ನ ಎರಡಕ್ಕೆ ಚುಚ್ಚುತ್ತದೆ. ಅದನ್ನೇ ಒಂದು ಸಾಲು ಮಾಡಿ ರಾಗವಾಗಿ ಹೇಳಿ ನೋಡಿ, ಕೇಳುವವರಿಗೆ ಕೋಪ ಬರುವುದೇ ಕಷ್ಟ. ಮದುವೆಯಲ್ಲಿ ಬೀಗರನ್ನು ಎಷ್ಟು ಆಡಿಕೊಂಡರೂ ಹಾಡಿನಲ್ಲಿ ನಡೆಯುತ್ತದೆ, ಅದನ್ನೇ ಮಾತಿನಲ್ಲಿ ಅಂದರೆ ಊಟ ಬಿಟ್ಟು ಎದ್ದು ಹೋಗುತ್ತಾರೆ, ಅಲ್ವಾ?

ತುಂಗೆ ದಂಡೆ · ಬೆಳಿಗ್ಗೆ 8:15

ಮೇಷ್ಟ್ರೇ, ಇದು ಚೆನ್ನಾಗಿದೆ. ಆದರೆ ನಮ್ಮ ಮನೆಯಲ್ಲಿ ಯಾರಿಗೂ ಹಾಡು ಕಟ್ಟೋಕೆ ಬರಲ್ಲ. ಅತ್ತೆಗೆ ದೇವರನಾಮ ಬರುತ್ತದೆ, ಮಾವ ಹಾಡಿದ್ದನ್ನು ನಾನು ಮದುವೆಯಾಗಿ ಹದಿಮೂರು ವರ್ಷದಲ್ಲಿ ಕೇಳಿಲ್ಲ.

ಸೊಲ್ಲು ಮೇಷ್ಟ್ರು, ಸಾಗರ · ಬೆಳಿಗ್ಗೆ 11:20

ಕಟ್ಟೋಕೆ ಬರಬೇಕಿಲ್ಲಮ್ಮ, ಚಪ್ಪಾಳೆ ತಟ್ಟೋಕೆ ಬಂದರೆ ಸಾಕು. ಒಂದು ಸಾಲಿಗೆ ನಾಲ್ಕು ಚಪ್ಪಾಳೆ, ಸೊಲ್ಲಿಗೂ ನಾಲ್ಕು. ನಿಮಗಾಗಿ ಬೆಳಿಗ್ಗೆ ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಮಾಡಿದೆ.

ಸೊಲ್ಲು:
ಯಾರಿಗೆ / ಗೊತ್ತೋ / ಕಟ್ಟೋ / ಕಟ್ಟು!

ಸಾಲುಗಳು:
ಏನಿದೆ / ಏನಿದೆ / ಈ ಡಬ್/ಬೀಲಿ
ಅಜ್ಜಿಯ / ಕಾಲದ / ಒಂಟೀ / ಲೋಟ
ಮುಚ್ಚಳ / ಇಲ್ಲದ / ಏಳೂ / ಡಬ್ಬಿ
ಅಪ್ಪನ / ರೇಡಿಯೊ / ಹಾಡೋ/ದಿಲ್ಲ

ಗೆರೆ ಹಾಕಿ ಬಿಡಿಸಿದ ಒಂದೊಂದು ತುಂಡಿಗೂ ಒಂದೊಂದು ಚಪ್ಪಾಳೆ. ಸಾಲು ಕಟ್ಟುವವರು ಎದುರಿಗೆ ಇರುವ ಸಾಮಾನು ನೋಡಿದರೆ ಸಾಕು, ಪ್ರಾಸ ಬೇಡ. ಒಂದು ಅಕ್ಷರ ಉಳಿದರೆ ಎಳೆಯಿರಿ, ಜಾಸ್ತಿಯಾದರೆ ನುಂಗಿ.

ಈಗ ವೇಗದ ಮಾತು. ಗಡಿಯಾರ ನೋಡಿಕೊಂಡು ಹಾಡಿ, ಸೊಲ್ಲು ಮೂರು ಸೆಕೆಂಡಿಗೆ ಮುಗಿಯಬೇಕು. ಅಂದರೆ ನಿಮಿಷಕ್ಕೆ ಎಂಬತ್ತು ಚಪ್ಪಾಳೆ. ಆ ಹುಡುಗ ಹೇಳಿದ 120ರಲ್ಲಿ ಎರಡೇ ಸೆಕೆಂಡು ಸಿಗುತ್ತದೆ. ಒಂದು ಮೊಳದ ಬಾಕ್ಸಿನ ಮೇಲೆ, ಎರಡೂ ಕಡೆ ಸ್ವಲ್ಪ ಇಳಿಬಿಟ್ಟು ಟೇಪ್ ಎಳೆದು, ಒತ್ತಿ, ಕತ್ತರಿಸೋಕೆ ಮೂರು ಸೆಕೆಂಡು ಬೇಕೇ ಬೇಕು. ಎರಡರಲ್ಲಿ ಎಳೆದರೆ ಸುಕ್ಕಾಗುತ್ತದೆ. ಸುಕ್ಕಾದ ಟೇಪು ಸಂಜೆಗೆ ಬಿಡುತ್ತದೆ. "ಯಾರಿಗೆ ಗೊತ್ತೋ" ಅನ್ನುವಾಗ ಎಳೆಯಿರಿ, "ಕಟ್ಟೋ" ಅನ್ನುವಾಗ ಅಂಗೈಯಲ್ಲಿ ಒತ್ತಿ, "ಕಟ್ಟು" ಅಂದಾಗ ಕತ್ತರಿಸಿ.

ಸಾಲು ಹೇಳುವವರನ್ನು ಐದಾರು ಬಾಕ್ಸಿಗೊಮ್ಮೆ ಬದಲಿಸಿ. ಯಾರ ಮುಖ ಗಂಟಾಗಿದೆಯೋ ಮುಂದಿನ ಸರದಿ ಅವರಿಗೆ ಕೊಡಿ. ಗೊಣಗಬೇಕಾದ್ದನ್ನೆಲ್ಲ ಸಾಲು ಮಾಡಿ ಗೊಣಗಲಿ. ಒಂದೇ ಷರತ್ತು: ಸಾಮಾನನ್ನು ಆಡಿಕೊಳ್ಳಿ, ನಿಮ್ಮನ್ನೇ ಆಡಿಕೊಳ್ಳಿ. ಇನ್ನೊಬ್ಬರನ್ನು, ಅವರು ತಮ್ಮನ್ನು ತಾವೇ ಆಡಿಕೊಂಡ ಮೇಲೆ ಮಾತ್ರ.

ವಿನೋಬನಗರ ಬೀಟ್ · ಮಧ್ಯಾಹ್ನ 1:05

ಮೇಷ್ಟ್ರೇ, ಹೇಳಿದ್ದನ್ನು ಒಪ್ಪಿಕೊಳ್ಳೋಕೆ ಮೊದಲು ರೂಮಿನಲ್ಲಿ ಒಂದು ಹಳೇ ಬಾಕ್ಸಿಗೆ ಟೇಪ್ ಹಾಕಿ ನೋಡಿದೆ. 120ರಲ್ಲಿ ಟೇಪ್ ಬೆರಳಿಗೆ ಅಂಟಿಕೊಂಡಿತು. ಸರಿ, ಟೇಪಿನ ವಿಷಯ ಸೋತೆ. ಆದರೆ ಬಟ್ಟೆ ಮೂಟೆ ಕಟ್ಟೋಕೆ, ಕಸ ಗುಡಿಸೋಕೆ, ಖಾಲಿ ಬಕೆಟ್ ಕೆಳಗೆ ಒಯ್ಯೋಕೆ ನನ್ನ ಹಾಡೇ ಸರಿ. ಅದನ್ನು ಬಿಟ್ಟುಕೊಡಲ್ಲ.

ಸೊಲ್ಲು ಮೇಷ್ಟ್ರು, ಸಾಗರ · ಮಧ್ಯಾಹ್ನ 1:40

ಒಡೆಯದ ಸಾಮಾನಿಗೆ ನಿನ್ನ ಹಾಡು. ಒಪ್ಪಿದೆ.

ಮಂಡಿ ಮಗ · ಮಧ್ಯಾಹ್ನ 3:25

ನಮ್ಮ ಅಪ್ಪ ಶಿವಮೊಗ್ಗ ಅಡಿಕೆ ಮಂಡಿಯಲ್ಲಿ ಹಮಾಲಿ ಕೆಲಸ ಮಾಡಿದವರು. ಮೇಲಿನದ್ದನ್ನು ಓದಿ ಹೇಳಿದೆ, ಅವರು ನಕ್ಕರು. "ಭಾರ ಎತ್ತುವಾಗ ಹಾಡ್ತಾರಾ? ಉಸಿರು ಎಲ್ಲಿಂದ ಬರುತ್ತೆ?" ಅಂದರು.

ಅವರ ಪ್ರಕಾರ ಹಾಡು ಬೇರೆ, ಕೂಗು ಬೇರೆ. ಬೀರು, ಮಂಚ, ಫ್ರಿಜ್‌ನಂಥ ಸಾಮಾನಿಗೆ ಕೂಗೇ ಬೇಕು. ಹೊರದೆ ಪಕ್ಕದಲ್ಲಿ ನಿಂತ ಒಬ್ಬ ಮಾತ್ರ ಬಾಯಿ ಬಿಡಬೇಕು. ಅವನು ಒಂದು ಸಾಲು ಉದ್ದಕ್ಕೆ ಎಳೆಯುತ್ತಾನೆ, ಅಷ್ಟರಲ್ಲಿ ಹೊರುವವರು ಕೈ ಹಿಡಿತ ಸರಿ ಮಾಡಿಕೊಂಡು ಉಸಿರು ತುಂಬಿಕೊಳ್ಳಬೇಕು. ಕೊನೆಗೆ "ಐಸಾ" ಅಂದಾಗ ಎಲ್ಲರೂ ಉಸಿರು ಬಿಡುತ್ತಾ ಒಟ್ಟಿಗೆ ಎತ್ತಬೇಕು. "ಐಸಾ"ಕ್ಕೆ ಮುಂಚೆ ಒಬ್ಬ ಎತ್ತಿದರೆ ಭಾರವೆಲ್ಲ ಅವನ ಸೊಂಟಕ್ಕೆ.

ಮೆಟ್ಟಿಲ ಮೇಲೆ ಅದೂ ಬೇಡ. ಮೆಟ್ಟಿಲಲ್ಲಿ ಎರಡೇ ಮಾತು: "ಮೆಟ್ಲು", "ನಿಲ್ಲು". ನಗಿಸಿದರೆ ಹೊತ್ತವರ ಕೈ ಸಡಿಲ ಆಗುತ್ತದಂತೆ. ಅಪ್ಪ ಗಂಭೀರವಾಗೇ ಹೇಳಿದ್ದು. ಮಗನ ಕೈಗೆ ಪುಸ್ತಕದ ಬಾಕ್ಸ್ ಕೊಡಬೇಡಿ ಅಂತಲೂ ಹೇಳಿದರು. ದೊಡ್ಡ ಬಾಕ್ಸಿನ ತುಂಬ ಪುಸ್ತಕ ತುಂಬಿಸಿ ಆಮೇಲೆ ಯಾರೂ ಎತ್ತಲಾಗದೆ ನಿಲ್ಲುವವರು ಜಾಸ್ತಿ ಅಂತೆ.

ಹೆಂಚಿನ ಮನೆ · ಸಂಜೆ 5:00

ಅಂತ್ಯಾಕ್ಷರಿ ಯಾರೂ ಹೇಳಲಿಲ್ಲವಲ್ಲ? ಕೂತು ಪೇಪರ್ ಸುತ್ತುವಾಗ ಆಡಬಹುದು.

ಸೊಲ್ಲು ಮೇಷ್ಟ್ರು, ಸಾಗರ · ಸಂಜೆ 5:30

ಆಡಬಹುದು. ಆದರೆ ಅಕ್ಷರ ಹುಡುಕುವಾಗ ಕೈ ನಿಲ್ಲುತ್ತದೆ, ಗಮನಿಸಿ. ಲೋಟ ಹಿಡಿದು ಸೂರು ನೋಡುತ್ತಾ ಕೂರುತ್ತಾರೆ. ಆಮೇಲೆ "ಅದು ಪಲ್ಲವಿ ಅಲ್ಲ, ಚರಣ" ಅಂತ ವಾದ. ನಮ್ಮಲ್ಲಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಅದಕ್ಕೇ ಒಬ್ಬರು ಕತೆ ಹೇಳುವುದು, ಉಳಿದವರು ಹೂಂಗುಟ್ಟುವುದು. ಪೇಪರ್ ಸುತ್ತುವ ಕೆಲಸಕ್ಕೂ ಆ ನಿಧಾನವೇ ಸರಿ.

ಹೆಂಚಿನ ಮನೆ · ಸಂಜೆ 5:42

ನಮ್ಮ ಮನೆಯಲ್ಲಿ ಕೈ ನಿಲ್ಲಲ್ಲ ಮೇಷ್ಟ್ರೇ. ನಮ್ಮ ಅಕ್ಕ ಅಂತ್ಯಾಕ್ಷರಿ ಆಡುತ್ತಾ ಹಪ್ಪಳ ಒತ್ತುತ್ತಾಳೆ.

ಹಳೇ ಮುಳುಗಡೆ · ಬುಧವಾರ, ಬೆಳಿಗ್ಗೆ 7:15

ಎಲ್ಲ ಓದಿದೆ. ನನ್ನದು ಬೇರೆ ಕತೆ, ಇಲ್ಲಿ ಬರೆಯಬೇಕೋ ಬೇಡವೋ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಊರು ಶರಾವತಿ ಹಿನ್ನೀರಿನಲ್ಲಿ ಹೋಯಿತು. ನಾನಾಗ ಸಣ್ಣವನು. ಸಾಮಾನು ಲಾರಿಗೆ ಹಾಕುವಾಗ ಅಜ್ಜಿ ಬಾಯಿ ಬಿಡಲಿಲ್ಲ. ಬೀಸುವ ಕಲ್ಲನ್ನು ಎತ್ತಿದಾಗ ಮಾತ್ರ, ಬೀಸುವಾಗ ಹಾಡುತ್ತಿದ್ದ ಪದವನ್ನು ಒಂದು ಸಾಲು ಹೇಳಿ ನಿಲ್ಲಿಸಿದಳು. ಸೊಲ್ಲು ಹೇಳೋಕೆ ಯಾರೂ ಬರಲಿಲ್ಲ.

ನೀವು ಖುಷಿಯಾಗಿ ಹೋಗುತ್ತಿದ್ದೀರಿ, ಹಾಡಿ. ಆದರೆ ನಿಮ್ಮ ಅತ್ತೆಗೆ ಆ ಊರಿನಲ್ಲಿ ಎಷ್ಟು ವರ್ಷ ಆಯಿತು ಅಂತ ಒಮ್ಮೆ ಕೇಳಿಕೊಳ್ಳಿ.

ತುಂಗೆ ದಂಡೆ · ಬೆಳಿಗ್ಗೆ 9:30

ಕೇಳಿದೆ ಅಜ್ಜಯ್ಯ. ಇಪ್ಪತ್ತೆರಡು ವರ್ಷ. ನಾನು ಕೇಳಿರಲೇ ಇಲ್ಲ.

ತುಂಗೆ ದಂಡೆ · ಮಂಗಳವಾರ, ರಾತ್ರಿ 10:20

ಶಿಫ್ಟ್ ಆಯಿತು. ಗೋಪಾಳದಿಂದ ಬರೆಯುತ್ತಿದ್ದೇನೆ, ಬಾಕ್ಸಿನ ಮೇಲೆ ಕೂತು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯಿಂದ ಶುರು. ಪೇಪರ್ ಸುತ್ತುವ ಕೆಲಸ, ಲೋಟಕ್ಕೆ ಎರಡು ಹಾಳೆ. ಇಲ್ಲಿ ನಾವು ಸೊಲ್ಲು ಹೇಳಲಿಲ್ಲ. ಅತ್ತೆ ತಮಗೆ ಬರುವ ದೇವರನಾಮ ಒಂದಾದ ಮೇಲೊಂದು ನಿಧಾನವಾಗಿ ಹೇಳುತ್ತಾ ಹೋದರು, ನಾವು ಗುನುಗಿದೆವು. ಒಂದು ಲೋಟವೂ ಒಡೆಯಲಿಲ್ಲ. ಇವತ್ತು ಎಲ್ಲ ಬಿಚ್ಚಿ ನೋಡಿಯೇ ಹೇಳುತ್ತಿದ್ದೇನೆ.

ಹತ್ತೂವರೆಗೆ ಬಾಕ್ಸ್ ಮುಚ್ಚುವ ಕೆಲಸ ಬಂತು. ಮಗ "ಏನಿದೆ ಏನಿದೆ" ಶುರು ಮಾಡಿದ. ಮೊದಲ ಎರಡು ಬಾಕ್ಸಿಗೆ ಎಲ್ಲರಿಗೂ ನಾಚಿಕೆ. ಮೂರನೆಯದಕ್ಕೆ ನಾದಿನಿ ಚಪ್ಪಾಳೆ ಬಿಟ್ಟು ಟೇಪಿನ ಉರುಳೆಯನ್ನೇ ಬಾಕ್ಸಿಗೆ ಬಡಿದಳು, ಆಗ ಹತ್ತಿಕೊಂಡಿತು. ಹನ್ನೆರಡರ ಹೊತ್ತಿಗೆ ಮಳೆ. ಹಿಂದಿನ ಶೀಟಿನ ಮೇಲೆ ಎಷ್ಟು ಸದ್ದು ಅಂದರೆ ಸಾಲು ಕೇಳುತ್ತಿರಲಿಲ್ಲ, ಆದರೂ ಬಡಿತ ನೋಡಿಕೊಂಡು ಸೊಲ್ಲು ಮಾತ್ರ ತಪ್ಪದೆ ಬರುತ್ತಿತ್ತು. ಹೆಂಚಿನ ಮನೆಯವರು ಹೇಳಿದ್ದು ಸರಿ, ಸ್ಪೀಕರ್ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜಗುಲಿಯಲ್ಲಿಟ್ಟಿದ್ದ ನಾಲ್ಕು ಬಾಕ್ಸ್ ಮಾತ್ರ ಥಂಡಿ ಹಿಡಿದು ಟೇಪ್ ಅಂಟಲೇ ಇಲ್ಲ. ಅವಕ್ಕೆ ಸೆಣಬಿನ ಹುರಿ ಕಟ್ಟಿದೆವು. ಹುರಿ ಗಂಟು ಹಾಕುವುದಕ್ಕೆ ಮೂರು ಸೆಕೆಂಡು ಸಾಲಲ್ಲ ಮೇಷ್ಟ್ರೇ, ಸೊಲ್ಲು ಎರಡು ಸಲ ಹೇಳಬೇಕಾಯಿತು.

ಎರಡು ಗಂಟೆಗೆ, ಹೋದ ಸಲದ ಅದೇ ಹೊತ್ತಿಗೆ, ಅದೇ ಇಡ್ಲಿ ಪಾತ್ರೆ ಬಂತು. ನಮ್ಮವರ ಮುಖ ಗಂಟಾಯಿತು. ಮೇಷ್ಟ್ರು ಹೇಳಿದ್ದು ನೆನಪಾಗಿ ಸರದಿ ಅವರಿಗೇ ಕೊಟ್ಟೆ. ಒಂದು ಕ್ಷಣ ಸುಮ್ಮನಿದ್ದು, "ಇಡ್ಲಿಯ ಪಾತ್ರೆ ಮತ್ತೇ ಬಂತು" ಅಂದರು. ಅತ್ತೆಯೇ ಮೊದಲು ಸೊಲ್ಲು ಹೇಳಿದ್ದು. ಅದಾದ ಮೇಲೆ ಮಾವ, ಹದಿಮೂರು ವರ್ಷದಲ್ಲಿ ಮೊದಲ ಸಲ, ಗೋಡೆಗೆ ಒರಗಿ ಕೂತಲ್ಲಿಂದಲೇ "ನನ್ನಾ ಸೊಂಟಾ ಯಾವ ಡಬ್ಬಿ" ಅಂದರು. ಮಗ ಬಿದ್ದು ಬಿದ್ದು ನಕ್ಕ.

ಎಡವಟ್ಟೂ ಆಯಿತು. ಅದೇ ಖುಷಿಯಲ್ಲಿ ನಾನು ನಾದಿನಿಯ ಬಾಕ್ಸಿಗೆ "ಉಟ್ಟೇ ಇಲ್ಲದ ಹತ್ತೂ ಸೀರೆ" ಅಂದೆ. ಅವಳು ಸೊಲ್ಲು ಹೇಳಲಿಲ್ಲ. ಆ ಸೀರೆಗಳ ಹಿಂದೆ ಏನಿದೆ ಅಂತ ನನಗೆ ಗೊತ್ತಿತ್ತು, ಆ ಹೊತ್ತಿಗೆ ಮರೆತೆ. ಮೇಷ್ಟ್ರ ಷರತ್ತನ್ನು ನಾನೇ ಮುರಿದಿದ್ದೆ. ಅರ್ಧ ಗಂಟೆ ಹಾಡು ನಿಂತಿತು. ಒಗ್ಗರಣೆ ಮಂಡಕ್ಕಿ, ಕಾಫಿ ಆದ ಮೇಲೆ ಅವಳೇ ಮತ್ತೆ ಉರುಳೆ ಬಡಿದಳು. ಹಸಿವೂ ಇತ್ತು ಅನ್ನಿ. ಊಟಕ್ಕೆ ಕೂತಿದ್ದು ಬೆಳಿಗ್ಗೆ ಹನ್ನೊಂದೂವರೆಗೇ.

ಬೀರು ಎತ್ತುವಾಗ ಮಗನೇ ಕೂಗಿದ, ಎಳೆದು ಎಳೆದು. "ಐಸಾ"ಕ್ಕೆ ನಾಲ್ಕೂ ಜನ ಒಟ್ಟಿಗೆ. ಗೋಪಾಳದ ಮೆಟ್ಟಿಲಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡೆವು. ಮಂಡಿ ಮಗ, ಅಪ್ಪನಿಗೆ ಹೇಳಿ.

ಇನ್ನೊಂದು ಯಾರೂ ಹೇಳದೇ ಇದ್ದದ್ದು. ಹಾಸಿಗೆ, ಪರದೆ, ಬಟ್ಟೆ ಎಲ್ಲ ಲಾರಿಗೆ ಹೋದ ಮೇಲೆ ಕೋಣೆ ಗುಂಯ್ ಅನ್ನತೊಡಗಿತು. ಸೊಲ್ಲಿನ ಮಾತುಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ನಾವು ನಿಲ್ಲಿಸಿದೆವು. ಆಗ ಅತ್ತೆ ಖಾಲಿ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಒಂದು ದೇವರನಾಮ ಹೇಳಿದರು, ತುಂಬ ನಿಧಾನವಾಗಿ. ಅದು ಮಾತ್ರ ಆ ಗೋಡೆಗಳಲ್ಲಿ ಚೆನ್ನಾಗಿ ನಿಂತಿತು. ಹಳೇ ಮುಳುಗಡೆ ಅಜ್ಜಯ್ಯ, ನಿಮ್ಮ ಮಾತು ನೆನಪಾಯಿತು. ಕೊನೇ ಸಾಲನ್ನು ನಾವೆಲ್ಲ ಸೇರಿ ಹೇಳಿದೆವು.

ಸೊಲ್ಲು ಮೇಷ್ಟ್ರು, ಸಾಗರ · ರಾತ್ರಿ 10:45

ಗುಂಯ್ ಅನ್ನುವುದನ್ನು ನಾನೂ ಯೋಚಿಸಿರಲಿಲ್ಲ. ಸದ್ದು ಹೀರುವ ಬಟ್ಟೆಬರೆ ಹೋದರೆ ಗೋಡೆ ಎಲ್ಲವನ್ನೂ ವಾಪಸು ಕೊಡುತ್ತದೆ. ಚುಟುಕು ಮಾತಿಗೆ ಕಷ್ಟ, ಉದ್ದದ ಸ್ವರಕ್ಕೆ ಒಳ್ಳೆಯದು. "ನನ್ನಾ ಸೊಂಟಾ" ಲೆಕ್ಕಕ್ಕೆ ಸರಿಯಾಗಿ ನಾಲ್ಕು ಚಪ್ಪಾಳೆ ಇದೆ. ನಿಮ್ಮ ಮಾವನವರಿಗೆ ನನ್ನ ನಮಸ್ಕಾರ.

ವಿನೋಬನಗರ ಬೀಟ್ · ರಾತ್ರಿ 10:52

ಅಕ್ಕಾ, ನನ್ನ ಹಾಡು ಹಾಕಲೇ ಇಲ್ಲವಾ?

ತುಂಗೆ ದಂಡೆ · ರಾತ್ರಿ 10:58

ಲಾರಿಯಲ್ಲಿ ಹಾಕಿದೆ ತಮ್ಮಾ. ಮಂಡಗದ್ದೆ ದಾಟುವಷ್ಟರಲ್ಲಿ ಎಲ್ಲರಿಗೂ ನಿದ್ದೆ.

ಹೆಂಚಿನ ಮನೆ · ರಾತ್ರಿ 11:02

ಸಾಮಾನೆಲ್ಲ ಜೋಡಿಸಿ ಆಯ್ತಾ?

ತುಂಗೆ ದಂಡೆ · ರಾತ್ರಿ 11:09

ಎಲ್ಲಿ ಆಗುತ್ತೆ! ಒಟ್ಟು ಮೂವತ್ನಾಲ್ಕು ಬಾಕ್ಸ್. ಮೇಲೆ ಹೆಸರು ಬರೆಯುವ ಕೆಲಸ ಮಗನದ್ದು. ಸಾಲಿನಲ್ಲಿ ಬಂದ ಸಾಮಾನಿನ ಹೆಸರು ಬರೆ ಅಂತ ಹೇಳಿದ್ದೆ. ಅವನು ಹಾಡಿನ ಗುಂಗಿನಲ್ಲಿ ಹನ್ನೊಂದು ಬಾಕ್ಸಿನ ಮೇಲೆ ದಪ್ಪ ಅಕ್ಷರದಲ್ಲಿ "ಯಾರಿಗೆ ಗೊತ್ತೋ" ಅಂತ ಬರೆದಿಟ್ಟಿದ್ದಾನೆ. ಕಾಫಿ ಫಿಲ್ಟರ್ ಅದರಲ್ಲೊಂದರಲ್ಲಿ ಇದೆ. ಐದು ಬಿಚ್ಚಿದೆವು, ಸಿಕ್ಕಿಲ್ಲ.

ಹೊಸನಗರದ ಸೊಸೆ · ರಾತ್ರಿ 11:15

ಹಾಲು ಉಕ್ಕಿಸಿದ್ರಾ? ಯಾವ ಹಾಡು ಹೇಳಿದ್ರಿ?

ತುಂಗೆ ದಂಡೆ · ರಾತ್ರಿ 11:18

ನೀವು ಕಳಿಸಿದ್ದನ್ನೇ ಅಕ್ಕಾ. ಲೈಟರ್ ಸಿಗದೆ ಪಕ್ಕದ ಮನೆಯಿಂದ ಬೆಂಕಿಪೊಟ್ಟಣ ತಂದು ಹಚ್ಚಿದೆವು. ಲೈಟರ್ ಎಲ್ಲಿದೆ ಅಂತ ಮಾತ್ರ ಕೇಳಬೇಡಿ.

ಮಂಡಿ ಮಗ · ರಾತ್ರಿ 11:20

ಯಾರಿಗೆ ಗೊತ್ತೋ, ಕಟ್ಟೋ ಕಟ್ಟು!